ದಿನಕ್ಕೆ ಹತ್ತು ಚೀನೀ ವಾಕ್ಯ

ನಂಜನಗೂಡಿನ ಹತ್ತಿರ ತಾಂಡ್ಯದ ಕಾರ್ಖಾನೆಯಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಚೀನಾ ಮೇಡಂ' ಅಂದರೆ ಗೇಟಿನ ವಾಚ್‌ಮನ್ ಕೂಡ ನನ್ನ ರೂಮಿನ ದಾರಿ ತೋರಿಸುತ್ತಿದ್ದ. ಅಲ್ಲಿಗೆ ಚೀನಾದಿಂದ ಯಂತ್ರಗಳು ಬರುತ್ತಿದ್ದವು, ಯಂತ್ರಗಳ ಹಿಂದೆ ಅವುಗಳನ್ನು ಕೂರಿಸುವ ಮಂದಿ ಬರುತ್ತಿದ್ದರು. ಅವರು ಹೇಳಿದ್ದನ್ನು ನಮ್ಮವರಿಗೆ, ನಮ್ಮವರು ಗೊಣಗಿದ್ದನ್ನು ಸ್ವಲ್ಪ ಸಕ್ಕರೆ ಹಾಕಿ ಅವರಿಗೆ ಹೇಳುವುದು ನನ್ನ ಕೆಲಸ. ದೇವಸ್ಥಾನದ ಬೀದಿಯ ಮನೆತನದಲ್ಲಿ ಹುಟ್ಟಿ, ಮಂತ್ರ ಕೇಳಿ ಬೆಳೆದವಳು ಚೀನೀ ಭಾಷೆ ಯಾಕೆ ಕಲಿತೆ ಎಂದು ನೆಂಟರು ಕೇಳುತ್ತಿದ್ದರು. ಯಾರೂ ಕಲಿಯದೇ ಇದ್ದದ್ದಕ್ಕೆ ಕಲಿತೆ. ಬೇರೆ ಕಾರಣ ಇರಲಿಲ್ಲ.

ಆಮೇಲೆ ಫೋನೇ ಅನುವಾದ ಮಾಡತೊಡಗಿತು. ಮೇನೇಜರು ಮೊಬೈಲನ್ನು ಚೀನೀಯವನ ಬಾಯಿಗೆ ಹಿಡಿದರೆ ಅದು ಇಂಗ್ಲಿಷು ಉದುರಿಸುತ್ತಿತ್ತು. ಅರ್ಧ ತಪ್ಪೇ ಇರುತ್ತಿತ್ತು, ಆದರೂ ಕೆಲಸ ನಡೆಯುತ್ತಿತ್ತು. ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಹೋಗಿ ಬಹಳ ಕಾಲವಾಗಿತ್ತು. ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆ. ಮೈಸೂರಿನ ಗಾಡಿ ಬಂದಾಗ ಕೆಳಗಿನ ರಸ್ತೆಯಲ್ಲಿ ಹತ್ತು ನಿಮಿಷ ಗಲಾಟೆ, ಆಮೇಲೆ ಏನೂ ಇಲ್ಲ. ಒಂದು ವಾರದಲ್ಲಿ ಹಾಲಿನವನ ಜೊತೆ ಬಿಟ್ಟು ಯಾರ ಜೊತೆಯೂ ಮಾತಾಡಿಲ್ಲ ಎಂದು ಒಮ್ಮೆ ಗಮನಕ್ಕೆ ಬಂದು ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಆ ಹುಡುಗಿ ಬಂದಳು. ಟಿ. ನರಸೀಪುರದ ಹತ್ತಿರ ಹೆಮ್ಮಿಗೆಯವಳು, ರೈತರ ಮನೆಯ ಮಗಳು. ಚೀನಾದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಆದರೆ ಆಸ್ಪತ್ರೆಯ ವಾರ್ಡಿಗೆ ಹೋಗುವ ಮುಂಚೆ ಚೀನೀ ಭಾಷೆಯ ನಾಲ್ಕನೇ ಮಟ್ಟದ ಪರೀಕ್ಷೆ ಪಾಸು ಮಾಡಲೇಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಅವಳ ಕಾಲೇಜಿನ ನಿಯಮ. ಒಮ್ಮೆ ಫೇಲಾಗಿದ್ದಳು. ರಜೆ ಹಾಕಿ ಊರಿಗೆ ಬಂದಿದ್ದಳು. ಅಕ್ಟೋಬರಿನಲ್ಲಿ ವಾರ್ಡು ಶುರು. ಅಷ್ಟರೊಳಗೆ ಪಾಸಾಗದಿದ್ದರೆ ಒಂದು ವರ್ಷ ಹೋಯಿತು. ಅವಳ ದೊಡ್ಡಪ್ಪ ನಮ್ಮ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅವರೇ ನನ್ನ ಮನೆ ತೋರಿಸಿದ್ದು.

"ಯಾವುದರಲ್ಲಿ ಹೋಯ್ತು?" ಎಂದೆ.

"ಬರೆಯೋದ್ರಲ್ಲಿ ಮಿಸ್. ಪದಗಳನ್ನ ಕಲಸಿ ಕೊಟ್ಟಿರ್ತಾರೆ, ಜೋಡಿಸಿ ವಾಕ್ಯ ಮಾಡ್ಬೇಕು. ಬಾ ವಾಕ್ಯ, ಬಿ ವಾಕ್ಯ ಬಂದ್ರೆ ಯಾವ ಪದ ಎಲ್ಲಿ ಇಡ್ಬೇಕೋ ತಿಳಿಯಲ್ಲ, ಹೆದರಿಕೆ."

ನಾನು ನಕ್ಕೆ. ಕನ್ನಡದವರಿಗೆ ಈ ಎರಡರಲ್ಲಿ ಹೆದರಿಕೆ ಯಾಕೆ? ಚೀನೀ ಭಾಷೆಯಲ್ಲಿ ಸಾಮಾನ್ಯವಾಗಿ 'ತಮ್ಮ, ಕುಡಿದು ಮುಗಿಸಿದ, ಹಾಲು' ಎನ್ನುವ ಕ್ರಮ, ಕ್ರಿಯಾಪದ ನಡುವೆ. ಬಾ ಎಂಬ ಪದ ಹಾಕಿದರೆ ಹಾಲು ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ ಹೋಗುತ್ತದೆ. ತಮ್ಮ ಹಾಲನ್ನು ಕುಡಿದು ಮುಗಿಸಿದ. ನಾವು ತೊಟ್ಟಿಲಿನಿಂದ ಆಡಿದ ಕ್ರಮವೇ ಅದು. ಬಿ ಕೂಡ ಹಾಗೆಯೇ, ಅದು ನಮ್ಮ 'ಗಿಂತ'. 'ದಿದಿ ಬಿ ವೊ ಗಾವ್', ತಮ್ಮ ನನಗಿಂತ ಎತ್ತರ. ಪದಕ್ಕೆ ಪದ ಇಟ್ಟುಕೊಂಡು ಹೋಗಬಹುದು. ಇಂಗ್ಲಿಷಿನ ಮೂಲಕ ಕಲಿತದ್ದರಿಂದ ಅವಳು ಪೂರ್ವಕ್ಕೆ ಹೋಗಲು ಪಶ್ಚಿಮದ ಬಸ್ಸು ಹತ್ತಿದ್ದಳು.

ಆದರೆ ಕನ್ನಡವನ್ನು ನಂಬಿಕೊಂಡರೆ ಬೀಳುವ ಗುಂಡಿಗಳೂ ಇವೆ. ನಾವು 'ಬಾಗಿಲನ್ನು ಮುಚ್ಚಲಿಲ್ಲ' ಎಂದು ಇಲ್ಲವನ್ನು ಕೊನೆಗೆ ಇಡುತ್ತೇವೆ. ಅಲ್ಲಿ ಇಲ್ಲ ಎನ್ನುವುದು ಬಾ ಪದಕ್ಕಿಂತ ಮೊದಲೇ ಬರಬೇಕು. ನಾವು 'ಅಜ್ಜಿಯನ್ನು ಇಷ್ಟಪಡುತ್ತೇನೆ' ಎನ್ನುತ್ತೇವೆ, ಅದನ್ನು ಬಾ ಹಾಕಿ ಹೇಳುವಂತಿಲ್ಲ, ಏಕೆಂದರೆ ನಿನ್ನ ಇಷ್ಟದಿಂದ ಅಜ್ಜಿಗೆ ಏನೂ ಆಗುವುದಿಲ್ಲ. ಬಾ ಬಂದರೆ ಆ ವಸ್ತುವಿಗೆ ಏನಾಯಿತು ಎಂದು ಹೇಳಲೇಬೇಕು: ಮುಚ್ಚಿತು, ಮುಗಿಯಿತು, ಮೇಜಿನ ಮೇಲೆ ಕೂತಿತು. ಬರೀ ಕ್ರಿಯಾಪದ ಬಿಟ್ಟು ಎದ್ದು ಹೋಗುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಗುಂಡಿ 'ತುಂಬ'. 'ಇವತ್ತು ನಿನ್ನೆಗಿಂತ ತುಂಬ ಸೆಖೆ' ನಮಗೆ ಸರಿ. ಅಲ್ಲಿ ಬಿ ಇದ್ದ ವಾಕ್ಯದಲ್ಲಿ 'ಹನ್' ಎಂಬ ಅವರ 'ತುಂಬ'ವನ್ನು ಸೆಖೆಗಿಂತ ಮೊದಲು ಇಟ್ಟರೆ ಸೊನ್ನೆ. ಸೆಖೆ ಎಂದು ಹೇಳಿಯಾದ ಮೇಲೆ, ಅದರ ಹಿಂದೆ 'ದ ದ್ವೊ' ಎಂದು ಅಂಟಿಸಬೇಕು. ಕನ್ನಡದ ಮಕ್ಕಳೆಲ್ಲ ಅಲ್ಲಿ ಜಾರುತ್ತಾರೆ. ನಾನೂ ಜಾರಿದ್ದೆ.

ಅವಳ ಪುಸ್ತಕದ ಅಭ್ಯಾಸಗಳನ್ನು ನೋಡಿದೆ. ಬರೀ ಮಹಾಗೋಡೆ, ಬೀಜಿಂಗು, ಪ್ರೊಫೆಸರ್ ವಾಂಗ್. 'ಈ ದರಿದ್ರ ಬೇಡ' ಎಂದೆ. "ದಿನಾ ನಿಮ್ಮ ಮನೇಲಿ ನಡೆದದ್ದು ಹತ್ತು ವಾಕ್ಯ ಬರಿ, ಸಾದಾ ಕ್ರಮದಲ್ಲಿ. ಅದರ ಕೆಳಗೆ ಬಾ ಅಥವಾ ಬಿ ಹಾಕಿ ತಿರುಗಿಸಿ ಬರಿ. ಅರ್ಥ ಬದಲಾಗಬಾರದು. ಫೋಟೋ ತೆಗೆದು ಕಳಿಸು."

ಎರಡು ಭಾನುವಾರ ಬಂದಳು. ಆಮೇಲೆ ಬಸ್ಸು ಹಿಡಿದು ಬಂದು ಹೋಗುವುದರಲ್ಲಿ ದಿನ ಹಾಳು, ಫೋನಿನಲ್ಲೇ ಆಗಲಿ ಎಂದು ನಾನೇ ಹೇಳಿದೆ. ಬೆಳಿಗ್ಗೆ ಆರೂವರೆಗೆ, ಅವರ ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕಿದ ಮೇಲೆ, ಫೋಟೋ ಬರುತ್ತಿತ್ತು. ಅದನ್ನು ನೋಡಿ ನಾನು ಪ್ರತಿ ವಾಕ್ಯವನ್ನೂ ನನ್ನ ನೋಟ್‌ಬುಕ್ಕಿಗೆ ನೀಲಿ ಶಾಯಿಯಲ್ಲಿ ಇಳಿಸಿ, ತಪ್ಪಿದ್ದಲ್ಲಿ ಕೆಂಪು ಹಾಕಿ, ಆ ಹಾಳೆಯ ಫೋಟೋ ವಾಪಸ್ಸು ಕಳಿಸುತ್ತಿದ್ದೆ. ಸುಮ್ಮನೆ ಫೋನಿನಲ್ಲೇ ತಿದ್ದಬಹುದಿತ್ತು. ಆದರೆ ಕೈಯಲ್ಲಿ ಬರೆದರೆ ಒಂದು ಗಂಟೆ ಹಿಡಿಯುತ್ತಿತ್ತು, ಆ ಒಂದು ಗಂಟೆ ನನಗೆ ಬೇಕಿತ್ತು.

ಹೀಗೆ ಅವರ ಮನೆ ನನ್ನ ಮನೆಗೆ ಬಂತು. ಅಜ್ಜಿ ಅಮ್ಮನಿಗಿಂತ ಬೇಗ ಏಳುತ್ತಾಳೆ. ಅಪ್ಪ ಪಂಪ್‌ಸೆಟ್ಟಿನ ಮನೆಯ ಬೀಗದ ಕೈಯನ್ನು ಕಳೆದುಹಾಕಿದರು. ಅಮ್ಮ ಸಾರನ್ನು ಮತ್ತೆ ಉಪ್ಪು ಮಾಡಿದಳು. ಕೆಂದ ಕರು ಅಜ್ಜಿಯ ಸೀರೆಯನ್ನು ಅಗಿದು ಹರಿದುಹಾಕಿತು. ಈ ವರ್ಷದ ಕಬ್ಬು ಹೋದ ವರ್ಷದ್ದಕ್ಕಿಂತ ಎರಡು ಅಡಿ ಎತ್ತರ. ಈ ಕೊನೆಯದರಲ್ಲಿ 'ಎರಡು ಅಡಿ'ಯನ್ನು ಎತ್ತರ ಆದ ಮೇಲೆ ಇಡಬೇಕು, ಅವಳು ಮೊದಲೇ ಇಟ್ಟಿದ್ದಳು, ಕೆಂಪು ಹಾಕಿದೆ.

ಬಾ ವಾಕ್ಯಕ್ಕೆ ಇನ್ನೊಂದು ಕಟ್ಟಳೆ ಉಂಟು. ಯಾವುದೋ ಒಂದು ಕರು ಎಂದು ಅದರಲ್ಲಿ ಬರೆಯುವಂತಿಲ್ಲ. ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಆ ಕರುವೇ ಆಗಬೇಕು. ಒಂದು ತಿಂಗಳಾಗುವ ಹೊತ್ತಿಗೆ ಅವರ ಮನೆಯ ಕರು, ಕೊಡಪಾನ, ಅಜ್ಜಿಯ ಎಲೆಯಡಿಕೆ ಚೀಲ ಎಲ್ಲವೂ ನನಗೆ ಗೊತ್ತಿದ್ದವು. ನೋಡದೆಯೇ ಗೊತ್ತಿದ್ದವು. ಅಜ್ಜಿಗೆ ಜ್ವರ ಎಂದು ಓದಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ 'ಅಜ್ಜಿ ನಿನ್ನೆಗಿಂತ ಸ್ವಲ್ಪ ಗೆಲುವು' ಎಂಬ ಬಿ ವಾಕ್ಯ ಬಂದಾಗ 'ಸ್ವಲ್ಪ' ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದನ್ನೇ ಮರೆತೆ.

ಈಗ ನಾಚಿಕೆಯಾಗುವ ಮಾತು ಹೇಳಬೇಕು. ಜೂನ್ ತಿಂಗಳಲ್ಲಿ ಒಂದು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ನೋಡಿದೆ. ಕಲಸಿ ಕೊಟ್ಟ ಹತ್ತೂ ವಾಕ್ಯಗಳನ್ನು ತಪ್ಪಿಲ್ಲದೆ ಜೋಡಿಸಿದಳು. ಅವಳೇ ಮೆಸೇಜು ಮಾಡಿದಳು: 'ಮಿಸ್, ಈ ತಿಂಗಳ ಪರೀಕ್ಷೆಗೆ ಕಟ್ಲಾ?' ಪರೀಕ್ಷೆ ಹೆಚ್ಚು ಕಡಿಮೆ ತಿಂಗಳಿಗೊಂದು ಇತ್ತು, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬಹುದಿತ್ತು. ಅವಳು ತಯಾರಾಗಿದ್ದಳು. ಇಪ್ಪತ್ತೈದು ವರ್ಷ ಈ ಭಾಷೆಯಲ್ಲಿ ಅನ್ನ ತಿಂದವಳಿಗೆ ಅಷ್ಟು ತಿಳಿಯುವುದಿಲ್ಲವೇ? ಆದರೂ ನಾನು ಬರೆದೆ: 'ಇನ್ನೊಂದು ತಿಂಗಳು ತಡಿ. ಅವಸರ ಮಾಡಿ ಮತ್ತೆ ಫೇಲಾಗಬೇಡ.'

ಜುಲೈನಲ್ಲಿ ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ಒಳ್ಳೆಯ ಮೇಷ್ಟ್ರು ಹಾಗೆಯೇ ಎಚ್ಚರಿಕೆ ಹೇಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಪಾಸಾದರೆ ಬೆಳಗಿನ ಫೋಟೋ ನಿಲ್ಲುತ್ತದೆ. ಒಬ್ಬ ಹುಡುಗಿಯ ವರ್ಷವನ್ನು ನನ್ನ ಒಂದು ಗಂಟೆಗೋಸ್ಕರ ಕಟ್ಟಿಹಾಕುತ್ತಿದ್ದೆ. ಗೊತ್ತಿದ್ದೇ ಮಾಡುತ್ತಿದ್ದೆ.

ಅದಾದ ಮೇಲೆ ಅವಳು ಪರೀಕ್ಷೆಯ ಮಾತೆತ್ತಲಿಲ್ಲ. ಫೋಟೋ ಮಾತ್ರ ತಪ್ಪದೆ ಬಂತು. ಆಗಸ್ಟಿನಲ್ಲಿ ಒಂದು ವಿಚಿತ್ರ ಆಯಿತು. ಎಂದೋ ಬಿಟ್ಟುಹೋಗಿದ್ದ ತಪ್ಪುಗಳು ವಾಪಸ್ಸು ಬಂದವು. ಹತ್ತು ವಾಕ್ಯದಲ್ಲಿ ಒಂದರಲ್ಲಿ ಬಿ ಪಕ್ಕದಲ್ಲಿ 'ಹನ್', ಇನ್ನೊಂದರಲ್ಲಿ ಇಲ್ಲ ಎನ್ನುವುದು ಬಾ ಪದ ಆದ ಮೇಲೆ. ಫೋಟೋ ಬರುವ ಹೊತ್ತೂ ಬದಲಾಯಿತು, ಐದೂವರೆಗೇ ಬರತೊಡಗಿತು. ಕೆಂಪು ಪೆನ್ನು ತೆಗೆದುಕೊಂಡು ಕೂತಾಗ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ, ಹಾಯೆನಿಸಿತು. ನೋಡು, ಇನ್ನೂ ಪಕ್ವವಾಗಿಲ್ಲ, ನಾನು ತಡೆದದ್ದೇ ಸರಿ ಅಂದುಕೊಂಡೆ.

ಆದರೆ ಸುಳ್ಳು ಎಷ್ಟು ದಿನ ಹೊಟ್ಟೆಯಲ್ಲಿ ಕೂರುತ್ತದೆ? ಸೆಪ್ಟೆಂಬರ್ ಬಂತು. ಆ ತಿಂಗಳ ಪರೀಕ್ಷೆಗೆ ಅರ್ಜಿ ಹಾಕಲು ಗುರುವಾರ ಕಡೇ ದಿನ. ಅದು ತಪ್ಪಿದರೆ ಅಕ್ಟೋಬರಿನ ವಾರ್ಡು ತಪ್ಪಿದ ಹಾಗೆಯೇ. ಮಂಗಳವಾರ ಬೆಳಿಗ್ಗೆ ಅವಳ ಹತ್ತು ವಾಕ್ಯ ತಿದ್ದಿ ಕಳಿಸಿದೆ. ಐದನೆಯದು, 'ಅಮ್ಮ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿದಳು.' ಸರಿಯಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಮುಖ ನೋಡಿ ಹೇಳಬೇಕು, ತಪ್ಪು ನನ್ನದು ಎಂದು ಅವಳ ಅಪ್ಪ ಅಮ್ಮನ ಎದುರಿಗೇ ಒಪ್ಪಿಕೊಳ್ಳಬೇಕು ಎಂದು ಸೀರೆ ಉಟ್ಟು ಹೊರಟೆ. ಬಸ್ಸಿನಲ್ಲಿ ಟಿ. ನರಸೀಪುರ, ಅಲ್ಲಿಂದ ಆಟೋದಲ್ಲಿ ಹೆಮ್ಮಿಗೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಎಷ್ಟು ಜೋಡಿಸಿದರೂ ಕೆಟ್ಟದಾಗಿಯೇ ಕೇಳುತ್ತಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಡಾಕ್ಟ್ರು ಓದೋ ಹುಡುಗಿಯ ಮನೆ ಎಂದರೆ ಊರಿಗೆಲ್ಲ ಗೊತ್ತು. ಜಗಲಿಯ ಮೇಲೆ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಎಲೆಯಡಿಕೆ ಚೀಲ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ಆಳು.

"ಯಾರವ್ವಾ?"

"ನಂಜನಗೂಡಿಂದ ಬಂದೆ. ನಿಮ್ಮ ಮೊಮ್ಮಗಳಿಗೆ ಪಾಠ ಹೇಳೋಳು."

ಅಜ್ಜಿ ಒಳಗೆ ತಿರುಗಿ ಕೂಗಿದರು. "ಏ ಬಾರವ್ವಾ ಆಚ್ಗೆ, ಚೀನಾ ಮೇಡಮ್ಮೋರು ಬಂದವ್ರೆ!"

ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. ಚಾಪೆ ಸಾಕೆಂದರೂ ಕುರ್ಚಿ ತಂದರು, ಕುರ್ಚಿಯ ಮೇಲೆ ಟವೆಲು ಹಾಸಿದರು, ನೀರು, ಬೆಲ್ಲ, ಮಜ್ಜಿಗೆ. ನಾನು ಮಜ್ಜಿಗೆಯ ಲೋಟ ಹಿಡಿದುಕೊಂಡೇ ಕೇಳಿದೆ. "ಹುಡುಗಿ ಎಲ್ಲಿ? ಅವಳ ಹತ್ರ ಮಾತಾಡ್ಬೇಕಿತ್ತು. ಗುರುವಾರದೊಳಗೆ ಅರ್ಜಿ ಹಾಕ್ಬೇಕು."

ತಾಯಿ ನನ್ನ ಮುಖ ನೋಡಿದರು. "ಅವ್ಳು ಓಗಿ ಇಪ್ಪತ್ ದಿನಾಯ್ತಲ್ಲಾ ಮೇಡಮ್ಮೋರೇ! ಪರೀಕ್ಸೆ ಪಾಸಾಯ್ತು, ಬ್ಯಾಗ್ ಕಟ್ಕಂಡು ಓದ್ಲು. ನಿಮ್ಗೆ ಯೋಳಿಲ್ವಾ?"

ಮಜ್ಜಿಗೆಯ ಲೋಟವನ್ನು ನೆಲದ ಮೇಲೆ ಇಟ್ಟೆ.

"ಯೋಳಿರ್ತಾಳೆ ಬುಡವ್ವ, ಇವ್ರು ಮರ್ತಿರ್ಬೇಕು" ಎಂದರು ಅಜ್ಜಿ. "ನಿಮ್ಮಿಂದ್ಲೇ ಕಣವ್ವ ಪಾಸಾಗಿದ್ದು. ಊರೋರ್ಗೆಲ್ಲಾ ಅದ್ನೇ ಯೋಳೀವ್ನಿ. ನಮ್ ಮಗೀನ್ ವರ್ಸ ಉಳಿಸ್ದೋರು ನೀವು."

ಆಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿಗೆ ಜಾಗವೇ ಉಳಿದಿರಲಿಲ್ಲ. ನಾನು ವರ್ಷ ಉಳಿಸಿದವಳಲ್ಲ ತಾಯಿ, ಕದಿಯಲು ಹೊರಟವಳು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೊಟ್ಟಿಗೆಯ ಕಡೆ ನೋಡಿದೆ. ಒಂದು ಹಸು ಮಾತ್ರ ನಿಂತಿತ್ತು. "ಕರು?" ಎಂದೆ.

"ಕೆಂದನ್ನಾ? ಅದನ್ನ ಮಗ್ಳು ಓದ್ ಮಾರ್ನೇ ದಿನ್ವೇ ಕೊಟ್ಬುಟ್ವಿ. ನಿಮ್ಗೆಂಗ್ ಗೊತ್ತು ಅದು?"

ಸುಮ್ಮನೆ ಕೇಳಿದೆ ಎಂದೆ. ಆ ಮನೆಯಲ್ಲಿ ಇಪ್ಪತ್ತು ದಿನದಿಂದ ಇಲ್ಲದ ಹುಡುಗಿ, ಆ ಮನೆಯಲ್ಲಿ ಇಲ್ಲದ ಕರುವನ್ನು ಅದೇ ಬೆಳಿಗ್ಗೆ ನನಗೋಸ್ಕರ ಕಟ್ಟಿಸಿದ್ದಳು. ತಾಯಿ ಕುಂಕುಮ ಕೊಟ್ಟರು, ರವಿಕೆ ಬಟ್ಟೆ, ಎರಡು ತೆಂಗಿನಕಾಯಿ, ಒಂದು ಚೀಲ ಬದನೆಕಾಯಿ ಕೊಟ್ಟರು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು, ಹಾಗಾಗಿ ಎಲ್ಲವನ್ನೂ ತೆಗೆದುಕೊಂಡೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಚೀಲ ತೊಡೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಕಂಡಕ್ಟರು ಕೆಳಗಿಡಿ ಅಮ್ಮಾ ಎಂದ. ಇಡಲಿಲ್ಲ.

ಮಾರನೇ ದಿನ ಐದೂವರೆಗೆ ಫೋಟೋ ಬಂತು. ಚೀನಾದಲ್ಲಿ ಆಗ ಎಂಟು ಗಂಟೆ. ಅವಳು ವಾರ್ಡಿನ ಪೂರ್ವತಯಾರಿಯ ತರಗತಿಗೆ ಹೊರಡುವ ಮುಂಚೆ, ಹಾಸ್ಟೆಲಿನ ಮಂಚದ ಮೇಲೆ ಕೂತು, ಅದೇ ನೋಟ್‌ಬುಕ್ಕಿನಲ್ಲಿ ಹೆಮ್ಮಿಗೆಯ ಮನೆಯನ್ನು ಬರೆದಿರಬೇಕು. ಅಪ್ಪ ಮೋಟಾರನ್ನು ರಿಪೇರಿ ಮಾಡಿಸಿದರು. ಅಜ್ಜಿಯ ಕೆಮ್ಮು ನಿನ್ನೆಗಿಂತ ಕಡಿಮೆ. ಕಣ್ಣಾರೆ ನೋಡಿ ಬಂದ ಅಜ್ಜಿಗೆ ಕೆಮ್ಮೇ ಇರಲಿಲ್ಲ. ಆರನೇ ವಾಕ್ಯದಲ್ಲಿ ಬಿ ಇತ್ತು, ಸೆಖೆಗಿಂತ ಮೊದಲು 'ಹನ್' ಇತ್ತು.

ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಫೋನ್ ಮಾಡಿದೆ. ಅಷ್ಟು ತಿಂಗಳಲ್ಲಿ ನಾನಾಗಿ ಅವಳಿಗೆ ಫೋನ್ ಮಾಡಿದ್ದು ಅದೇ ಮೊದಲು. ನಾಲ್ಕು ಸಲ ಕತ್ತರಿಸಿಹೋಗಿ ಐದನೇ ಸಲ ಸಿಕ್ಕಿದಳು. ಹಿಂದೆ ಯಾರೋ ಚೀನೀಯಲ್ಲಿ ಲಿಫ್ಟಿನ ಬಾಗಿಲು ಹಿಡಿಯಲು ಕೂಗುತ್ತಿದ್ದರು.

"ಆರನೇದ್ರಲ್ಲಿ ತಪ್ಪಿದೆ" ಎಂದೆ. ಮೇಷ್ಟ್ರ ಬುದ್ಧಿ, ಬೇರೆ ಏನು ಹೇಳಲೂ ತೋಚಲಿಲ್ಲ.

"ಹೌದು ಮಿಸ್."

"ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ."

ಲೈನು ಹೋಯಿತೇನೋ ಎಂದು ಹಲೋ ಎಂದೆ.

"ಇದೀನಿ ಮಿಸ್. ತಪ್ಪು ಬೇಕಂತಲೇ ಹಾಕ್ತಿದ್ದೆ. ಎಲ್ಲಾ ಸರಿ ಇದ್ರೆ ನೀವು ಏನು ತಿದ್ದೋದು ಅಂತ."

"ಪರೀಕ್ಷೆ ಕಟ್ಟಿದ್ದು ನನಗ್ಯಾಕೆ ಹೇಳ್ಲಿಲ್ಲ?"

"ನೀವು ತಡಿ ಅಂದ್ರಲ್ಲಾ. ಯಾಕೆ ಅಂದ್ರಿ ಅಂತ ಎರಡ್ನೇ ಸಲಕ್ಕೆ ಗೊತ್ತಾಯ್ತು ಮಿಸ್. ಸಿಟ್ಟು ಬಂತು. ಅದಕ್ಕೇ ನಿಮಗೆ ಹೇಳದೇನೇ ಕಟ್ಟಿದ್ದು."

"ಸಿಟ್ಟು ಬಂದೋಳು ಆಮೇಲೂ ಯಾಕೆ ಕಳಿಸ್ತಾ ಇದ್ದೆ?"

"ಪಾಪ ಅನ್ನಿಸ್ತು."

ಮೇನೇಜರುಗಳ ಬೈಗುಳ ತಿಂದಿದ್ದೇನೆ, ನೆಂಟರ ಕೊಂಕು ಕೇಳಿದ್ದೇನೆ. ಇಪ್ಪತ್ತಮೂರು ವರ್ಷದ ಹುಡುಗಿಯ ಬಾಯಿಂದ ಬಂದ ಆ ಎರಡಕ್ಷರ ತಡೆದುಕೊಳ್ಳಲಾಗಲಿಲ್ಲ. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದೇ ಕಷ್ಟ. ವಾರ್ಡಿನ ತಯಾರಿ, ಓದು, ಅನ್ಯದೇಶ, ಇಷ್ಟರ ನಡುವೆ ದಿನಾ ಅರ್ಧ ಗಂಟೆ ಕೂತು, ಮಾರಿಹೋದ ಕರುವನ್ನು ಕಟ್ಟಿ, ಇಲ್ಲದ ಕೆಮ್ಮನ್ನು ಕೆಮ್ಮಿಸಿ, ಬಾರದ ತಪ್ಪನ್ನು ಯೋಚಿಸಿ ಹಾಕಿ, ನನಗೆ ಕಳಿಸಿದ್ದಳು. ನಾನು ಅವಳಿಗೆ ಪಾಠ ಹೇಳುತ್ತಿದ್ದೇನೆ ಎಂದು ತಿಳಿದಿದ್ದೆ.

"ನನ್ನದು ತಪ್ಪಾಯ್ತು" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉದ್ದದ ಮಾತು ಇಷ್ಟೇ ಆಗಿ ಹೊರಬಿತ್ತು.

"ಅಯ್ಯೋ, ಬಿಡಿ ಮಿಸ್."

"ನಾಳೆಯಿಂದ ಕಳಿಸ್ಬೇಡ."

ಹೇಳಿದ ಮೇಲೆ ಕಾದೆ. ಇಲ್ಲ ಮಿಸ್, ಕಳಿಸ್ತೀನಿ, ನನಗೂ ಅಭ್ಯಾಸ ಆಗುತ್ತೆ ಎಂದು ಬಾಯಿಮಾತಿಗಾದರೂ ಅಂದೇ ಅನ್ನುತ್ತಾಳೆ ಎಂದುಕೊಂಡಿದ್ದೆ. ಆಗ ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ಒಪ್ಪಿಕೊಳ್ಳುವುದೆಂದೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

"ಸರಿ ಮಿಸ್" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಅವಳ ದನಿಯಲ್ಲಿ ಭಾರ ಇಳಿಸಿದವರ ಹಗುರ ಇತ್ತು. ಲಿಫ್ಟು ಬಂತೆಂದು ಯಾರೋ ಕರೆದರು, ಅವಳು ಚೀನೀಯಲ್ಲಿ ಬಂದೆ ಬಂದೆ ಎಂದು ಉತ್ತರ ಕೊಟ್ಟು ಫೋನಿಟ್ಟಳು. ಉಚ್ಚಾರಣೆ ಚೆನ್ನಾಗಿತ್ತು.